ಷೇರಿನ ಗಳಿಕೆ ಹೆಚ್ಚಿದರೆ ಸ್ವಾಧೀನ ಲಾಭದಾಯಕವೇ? ಕೋಟಕ್–ಐಎನ್‌ಜಿ ವೈಶ್ಯ ವಿಲೀನದ ಲೆಕ್ಕ ಹೇಳುವುದೇನು

ದೊಡ್ಡ ಕಂಪನಿಯೊಂದು ತನಗಿಂತ ಚಿಕ್ಕ ಪ್ರತಿಸ್ಪರ್ಧಿಯನ್ನು ಖರೀದಿಸುವುದಾಗಿ ಪ್ರಕಟಿಸಿದ ದಿನ ಟಿವಿ ಚಾನೆಲ್‌ಗಳಲ್ಲಿ, ಬ್ರೋಕರೇಜ್ ಸಂಸ್ಥೆಗಳ ವರದಿಗಳಲ್ಲಿ ಎರಡು ಪದಗಳು ಪದೇ ಪದೇ ಕೇಳಿಬರುತ್ತವೆ. ಒಂದು ಅಕ್ರೀಷನ್, ಇನ್ನೊಂದು ಡೈಲ್ಯೂಷನ್. ಖರೀದಿಯ ನಂತರ ಕೊಳ್ಳುವ ಕಂಪನಿಯ ಪ್ರತಿ ಷೇರಿನ ಗಳಿಕೆ, ಅಂದರೆ ಇಪಿಎಸ್, ಹೆಚ್ಚಾದರೆ ಅದು ಅಕ್ರೀಷನ್. ಕಡಿಮೆಯಾದರೆ ಡೈಲ್ಯೂಷನ್. 'ಈ ವ್ಯವಹಾರ ಮೊದಲ ವರ್ಷದಿಂದಲೇ ಅಕ್ರೀಟಿವ್' ಎಂದು ಆಡಳಿತ ಮಂಡಳಿ ಹೇಳಿದರೆ ಹೂಡಿಕೆದಾರರು ನಿಟ್ಟುಸಿರು ಬಿಡುತ್ತಾರೆ.

ಆದರೆ ಈ ಲೆಕ್ಕ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ಬಹಳ ಜನರಿಗೆ ಸ್ಪಷ್ಟವಿಲ್ಲ. ಅದನ್ನು ತಿಳಿಯಲು ಬೆಂಗಳೂರಿಗೆ ನೇರ ಸಂಬಂಧವಿರುವ ಒಂದು ವಿಲೀನವನ್ನೇ ಬಿಡಿಸಿ ನೋಡಬಹುದು. ಮುಂಬೈನ ಕೋಟಕ್ ಮಹೀಂದ್ರ ಬ್ಯಾಂಕ್, ಬೆಂಗಳೂರಿನ ಐಎನ್‌ಜಿ ವೈಶ್ಯ ಬ್ಯಾಂಕನ್ನು ತನ್ನೊಳಗೆ ಸೇರಿಸಿಕೊಂಡದ್ದು ಅದು. 1930ರಲ್ಲಿ ಬೆಂಗಳೂರಿನಲ್ಲಿ ವೈಶ್ಯ ಬ್ಯಾಂಕ್ ಎಂದು ಶುರುವಾಗಿದ್ದ ಆ ಬ್ಯಾಂಕಿನ ಷೇರುಗಳು ಹಳೆಯ ತಲೆಮಾರಿನ ಎಷ್ಟೋ ಕನ್ನಡಿಗ ಕುಟುಂಬಗಳ ಕಪಾಟಿನಲ್ಲಿದ್ದವು. ವಿಲೀನದ ನಂತರ ಅವು ಕೋಟಕ್ ಷೇರುಗಳಾದವು.

ಒಪ್ಪಂದ ಏನಿತ್ತು?

2014ರ ನವೆಂಬರ್ 20ರಂದು ಎರಡೂ ಬ್ಯಾಂಕ್‌ಗಳ ಆಡಳಿತ ಮಂಡಳಿಗಳು ವಿಲೀನಕ್ಕೆ ಒಪ್ಪಿದವು. ನಗದು ವ್ಯವಹಾರ ಇರಲಿಲ್ಲ. ಐಎನ್‌ಜಿ ವೈಶ್ಯದ ಪ್ರತಿ 1,000 ಷೇರಿಗೆ ಕೋಟಕ್‌ನ 725 ಷೇರು ಕೊಡುವುದೆಂದು ತೀರ್ಮಾನವಾಯಿತು. ಅದಕ್ಕೂ ಹಿಂದಿನ ಒಂದು ತಿಂಗಳ ಸರಾಸರಿ ಬೆಲೆಯ ಪ್ರಕಾರ ಇದು ಐಎನ್‌ಜಿ ವೈಶ್ಯದ ಒಂದು ಷೇರಿಗೆ 790 ರೂ. ಕೊಟ್ಟಂತೆ. ಅದೇ ಅವಧಿಯ ಮಾರುಕಟ್ಟೆ ಬೆಲೆಗಿಂತ ಇದು ಶೇ 16ರಷ್ಟು ಹೆಚ್ಚು. 2015ರ ಏಪ್ರಿಲ್ 1ರಿಂದ ವಿಲೀನ ಜಾರಿಗೆ ಬಂತು.

ಲೆಕ್ಕಕ್ಕೆ ಬೇಕಾದದ್ದು ನಾಲ್ಕೇ ಅಂಕಿ. ಕೋಟಕ್‌ನ ಬಳಿ ಆಗ ಸುಮಾರು 77 ಕೋಟಿ ಷೇರುಗಳಿದ್ದವು. 2013–14ರಲ್ಲಿ ಅಂಗಸಂಸ್ಥೆಗಳನ್ನೂ ಸೇರಿಸಿ ಅದರ ನಿವ್ವಳ ಲಾಭ 2,465 ಕೋಟಿ ರೂ. ಐಎನ್‌ಜಿ ವೈಶ್ಯದ ಷೇರುಗಳು ಸುಮಾರು 19.2 ಕೋಟಿ, ಅದೇ ವರ್ಷದ ಲಾಭ 658 ಕೋಟಿ ರೂ. ವಿಲೀನ ಪ್ರಕಟವಾದಾಗ ಕೈಯಲ್ಲಿದ್ದ ಕೊನೆಯ ಪೂರ್ಣ ವರ್ಷದ ಫಲಿತಾಂಶ ಇದೇ ಆದ್ದರಿಂದ ಇಲ್ಲಿ ಅದನ್ನೇ ಬಳಸಲಾಗಿದೆ. ವಿಶ್ಲೇಷಕರು ಸಾಮಾನ್ಯವಾಗಿ ಮುಂದಿನ ಎರಡು ಮೂರು ವರ್ಷಗಳ ಅಂದಾಜು ಲಾಭ ಹಿಡಿದು ಲೆಕ್ಕ ಹಾಕುತ್ತಾರೆ. ವಿಧಾನ ಮಾತ್ರ ಒಂದೇ.

ಸಿನರ್ಜಿ ಇಲ್ಲದ ಲೆಕ್ಕ

ಮೊದಲ ಹೆಜ್ಜೆಯಲ್ಲಿ ವಿಲೀನದಿಂದ ಏನೂ ಉಳಿತಾಯವಾಗುವುದಿಲ್ಲ, ಏನೂ ನಷ್ಟವಾಗುವುದಿಲ್ಲ, ಎರಡೂ ಬ್ಯಾಂಕ್‌ಗಳು ಮೊದಲಿನಂತೆಯೇ ನಡೆಯುತ್ತವೆ ಎಂದುಕೊಳ್ಳಬೇಕು.

ವಿಲೀನಕ್ಕೆ ಮೊದಲು ಕೋಟಕ್‌ನ ಇಪಿಎಸ್: 2,465 ಕೋಟಿಯನ್ನು 77 ಕೋಟಿ ಷೇರಿಗೆ ಹಂಚಿದರೆ 32 ರೂ. ಇನ್ನು ಐಎನ್‌ಜಿ ವೈಶ್ಯದ 19.2 ಕೋಟಿ ಷೇರುಗಳಿಗೆ 0.725ರಂತೆ ಕೋಟಕ್ ಹೊಸದಾಗಿ ಕೊಡಬೇಕಾದದ್ದು ಸುಮಾರು 13.9 ಕೋಟಿ ಷೇರು. ಒಟ್ಟು ಷೇರುಗಳು 90.9 ಕೋಟಿಯಾದವು. ಒಟ್ಟು ಲಾಭ 3,123 ಕೋಟಿ. ಭಾಗಿಸಿದರೆ 34.35 ರೂ.

ಅಂದರೆ ಒಂದು ರೂಪಾಯಿಯ ಉಳಿತಾಯವನ್ನೂ ಎಣಿಸದೆ ಇಪಿಎಸ್ ಶೇ 7ಕ್ಕಿಂತ ಸ್ವಲ್ಪ ಹೆಚ್ಚು ಏರಿತು. ಇದನ್ನು ಇನ್ನೊಂದು ರೀತಿಯಲ್ಲೂ ಹೇಳಬಹುದು. ಐಎನ್‌ಜಿ ವೈಶ್ಯದ ಷೇರುದಾರರು ಒಟ್ಟು ಲಾಭದ ಶೇ 21ರಷ್ಟನ್ನು ತಂದರು, ಒಟ್ಟು ಷೇರುಗಳಲ್ಲಿ ಶೇ 15ರಷ್ಟನ್ನು ಮಾತ್ರ ಪಡೆದರು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಕೋಟಕ್‌ನ ಲಾಭಕ್ಕೆ ಅಂಗಸಂಸ್ಥೆಗಳನ್ನು ಬಿಟ್ಟು ಬ್ಯಾಂಕಿನದ್ದಷ್ಟೇ, ಅಂದರೆ 1,503 ಕೋಟಿಯನ್ನು ಹಿಡಿದಿದ್ದರೆ ಇಪಿಎಸ್ 19.5ರಿಂದ 23.8ಕ್ಕೆ ಏರಿ, ಅಕ್ರೀಷನ್ ಶೇ 22 ಎಂದು ಕಾಣುತ್ತಿತ್ತು. ಒಪ್ಪಂದ ಅದೇ, ದಿನವೂ ಅದೇ, ಉತ್ತರ ಮಾತ್ರ ಮೂರು ಪಟ್ಟು. ಆದರೆ ಕೋಟಕ್ ಷೇರಿನ ಬೆಲೆಯಲ್ಲಿ ಅದರ ವಿಮೆ, ಮ್ಯೂಚುವಲ್ ಫಂಡ್, ಷೇರು ಬ್ರೋಕಿಂಗ್, ವಾಹನ ಸಾಲದ ಕಂಪನಿಗಳ ಬೆಲೆಯೂ ಸೇರಿದೆ. ಹೊಸದಾಗಿ ಕೊಡುವ ಪ್ರತಿ ಷೇರಿನ ಜೊತೆ ಆ ಕಂಪನಿಗಳ ಪಾಲೂ ಹೋಗುತ್ತದೆ. ಹಾಗಾಗಿ ಅಂಗಸಂಸ್ಥೆಗಳನ್ನು ಒಳಗೊಂಡ ಲಾಭವನ್ನೇ ಹಿಡಿಯುವುದು ಸರಿ. ಯಾವುದೇ ವರದಿಯಲ್ಲಿ ಅಕ್ರೀಷನ್ ಅಂಕಿ ಕಂಡರೆ ಅದು ಯಾವ ಲಾಭದ ಮೇಲೆ ಎಂದು ಮೊದಲು ನೋಡಬೇಕು.

ಹೆಚ್ಚಳ ಬಂದದ್ದು ಎಲ್ಲಿಂದ?

ಯಾವ ಶಾಖೆಯೂ ಮುಚ್ಚಲಿಲ್ಲ, ಒಬ್ಬ ಗ್ರಾಹಕನೂ ಹೆಚ್ಚಲಿಲ್ಲ. ಆದರೂ ಪ್ರತಿ ಷೇರಿಗೆ ಎರಡು ರೂಪಾಯಿಗೂ ಹೆಚ್ಚು ಬಂತು. ಹೇಗೆ?

ಉತ್ತರ ಪಿಇ ಅನುಪಾತದಲ್ಲಿದೆ, ಅಂದರೆ ಷೇರಿನ ಬೆಲೆ ಅದರ ಗಳಿಕೆಯ ಎಷ್ಟು ಪಟ್ಟು ಎಂಬುದರಲ್ಲಿ. ಕೋಟಕ್ ಷೇರಿನ ಸರಾಸರಿ ಬೆಲೆ ಆಗ ಸುಮಾರು 1,090 ರೂ., ಗಳಿಕೆ 32 ರೂ. ಅಂದರೆ ಪಿಇ 34. ಐಎನ್‌ಜಿ ವೈಶ್ಯದ ಒಂದು ಷೇರಿನ ಗಳಿಕೆ ಸುಮಾರು 34 ರೂ., ಅದಕ್ಕೆ ಕೊಟ್ಟದ್ದು 790 ರೂ. ಪಿಇ 23. ಮಾರುಕಟ್ಟೆ ತನ್ನ ಒಂದು ರೂಪಾಯಿ ಲಾಭಕ್ಕೆ 34 ರೂ. ಕೊಡುತ್ತಿರುವಾಗ, ಅದೇ ಷೇರನ್ನು ನೋಟಿನಂತೆ ಬಳಸಿ ಇನ್ನೊಬ್ಬರ ಒಂದು ರೂಪಾಯಿ ಲಾಭವನ್ನು 23 ರೂ.ಗೆ ಕೊಂಡರೆ ಇಪಿಎಸ್ ಏರಲೇಬೇಕು. ಷೇರು ವಿನಿಮಯದ ಯಾವ ವ್ಯವಹಾರದಲ್ಲಾದರೂ ಕೊಳ್ಳುವವರ ಪಿಇ ಹೆಚ್ಚಿದ್ದು, ಮಾರುವವರಿಗೆ ಕೊಟ್ಟ ಬೆಲೆಯ ಪಿಇ ಕಡಿಮೆ ಇದ್ದರೆ ಅಕ್ರೀಷನ್ ಖಚಿತ. ಕ್ಯಾಲ್ಕುಲೇಟರ್ ಕೂಡ ಬೇಡ.

ಹಾಗಾದರೆ ಕೋಟಕ್ ಎಷ್ಟರವರೆಗೆ ಬೆಲೆ ಕೊಟ್ಟಿದ್ದರೂ ಇಪಿಎಸ್ ಇಳಿಯುತ್ತಿರಲಿಲ್ಲ? 3,123 ಕೋಟಿ ಲಾಭಕ್ಕೆ 32 ರೂ. ಇಪಿಎಸ್ ಉಳಿಯಬೇಕಾದರೆ ಒಟ್ಟು ಷೇರುಗಳು 97.5 ಕೋಟಿವರೆಗೂ ಇರಬಹುದು. ಅಂದರೆ ಹೊಸ ಷೇರುಗಳು 20.5 ಕೋಟಿ, ಐಎನ್‌ಜಿ ವೈಶ್ಯದ 1,000 ಷೇರಿಗೆ ಕೋಟಕ್‌ನ ಸುಮಾರು 1,070 ಷೇರು. ಬೆಲೆಯಲ್ಲಿ ಹೇಳುವುದಾದರೆ ಒಂದು ಷೇರಿಗೆ 1,165 ರೂ.ನ ಆಸುಪಾಸು. ಮಾರುಕಟ್ಟೆ ಬೆಲೆ ಆಗ ಸುಮಾರು 681 ರೂ. ಶೇ 70ಕ್ಕೂ ಹೆಚ್ಚು ಪ್ರೀಮಿಯಂ ಕೊಟ್ಟಿದ್ದರೂ 'ಈ ವ್ಯವಹಾರ ಡೈಲ್ಯೂಟಿವ್ ಅಲ್ಲ' ಎಂದು ಪ್ರೆಸೆಂಟೇಷನ್‌ನಲ್ಲಿ ಬರೆಯಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ.

ಇಷ್ಟು ಸಡಿಲವಾದ ಪರೀಕ್ಷೆಯಲ್ಲಿ ಪಾಸಾಗುವುದು ದೊಡ್ಡ ವಿಷಯವಲ್ಲ.

ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಬದಲಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಬ್ಯಾಂಕೊಂದು ಇಷ್ಟು ದೊಡ್ಡ ಸಾಲ ಮಾಡಿ ಇನ್ನೊಂದು ಬ್ಯಾಂಕನ್ನು ಕೊಳ್ಳುವಂತಿಲ್ಲ. ಆದರೂ ಲೆಕ್ಕಕ್ಕಾಗಿ ಕೋಟಕ್ ಷೇರು ಕೊಡುವ ಬದಲು ಸುಮಾರು 15,170 ಕೋಟಿ ರೂ.ಗಳನ್ನು ಶೇ 9ರ ಬಡ್ಡಿಗೆ ಸಾಲ ತಂದು ಕೊಟ್ಟಿತ್ತು ಎಂದುಕೊಳ್ಳೋಣ. ಆಗಿನ ಸುಮಾರು ಶೇ 34ರ ತೆರಿಗೆಯ ಲಾಭ ಕಳೆದರೆ ಬಡ್ಡಿಯ ನಿಜವಾದ ಹೊರೆ ವರ್ಷಕ್ಕೆ 900 ಕೋಟಿ. ಬಂದ ಲಾಭ 658 ಕೋಟಿ. ಷೇರುಗಳ ಸಂಖ್ಯೆ 77 ಕೋಟಿಯಲ್ಲೇ ನಿಂತರೂ ಇಪಿಎಸ್ 29 ರೂ.ಗೆ ಇಳಿಯುತ್ತದೆ, ಶೇ 10ರ ಡೈಲ್ಯೂಷನ್. ಕೊಂಡ ಬ್ಯಾಂಕು ಅದೇ, ಕೊಟ್ಟ ಬೆಲೆಯೂ ಅದೇ. ಹಣ ಹೊಂದಿಸಿದ ರೀತಿ ಬದಲಾಗಿದ್ದಕ್ಕೆ ಶೇ 7ರ ಏರಿಕೆ ಶೇ 10ರ ಇಳಿಕೆಯಾಯಿತು. ಹಾಗಾಗಿ ಇಪಿಎಸ್ ಏರಿಕೆಯೊಂದನ್ನೇ ನೋಡಿ ಖರೀದಿ ಒಳ್ಳೆಯದೋ ಕೆಟ್ಟದ್ದೋ ಎನ್ನಲಾಗದು.

ಪ್ರೀಮಿಯಂ ವಸೂಲಾಗುವುದು ಸಿನರ್ಜಿಯಿಂದ

ನಿಜವಾದ ಪ್ರಶ್ನೆ ಬೇರೆ. ಮಾರುಕಟ್ಟೆ 681 ರೂ. ಎಂದ ಷೇರಿಗೆ ಕೋಟಕ್ 790 ಕೊಟ್ಟಿತು. ಒಂದು ಷೇರಿಗೆ 109 ರೂ. ಹೆಚ್ಚು, 19.2 ಕೋಟಿ ಷೇರಿಗೆ ಸುಮಾರು 2,100 ಕೋಟಿ. ಈ ಹೆಚ್ಚುವರಿ ಮೊತ್ತ ಕೋಟಕ್ ಷೇರುದಾರರ ಜೇಬಿನಿಂದ ಐಎನ್‌ಜಿ ವೈಶ್ಯ ಷೇರುದಾರರ ಜೇಬಿಗೆ ಮೊದಲ ದಿನವೇ ಹೋಯಿತು. ಅದನ್ನು ಮರಳಿ ಗಳಿಸಬೇಕಾದರೆ ಎರಡು ಬ್ಯಾಂಕ್‌ಗಳು ಬೇರೆ ಬೇರೆಯಾಗಿದ್ದಾಗ ಸಾಧ್ಯವಿಲ್ಲದ ಏನೋ ಒಂದು ಒಟ್ಟಿಗೆ ಇದ್ದಾಗ ಸಾಧ್ಯವಾಗಬೇಕು. ಅದೇ ಸಿನರ್ಜಿ.

ಎಷ್ಟು ಸಿನರ್ಜಿ ಬೇಕು? ಷೇರುದಾರರು ತಮ್ಮ ಹಣಕ್ಕೆ ವರ್ಷಕ್ಕೆ ಶೇ 13ರ ಪ್ರತಿಫಲ ಬಯಸುತ್ತಾರೆ ಎಂದುಕೊಂಡರೆ, 2,100 ಕೋಟಿಗೆ ಸಮನಾಗಲು ತೆರಿಗೆ ಕಳೆದು ಪ್ರತಿ ವರ್ಷ ಸುಮಾರು 270 ಕೋಟಿ ಹೆಚ್ಚುವರಿ ಲಾಭ ನಿರಂತರವಾಗಿ ಬರುತ್ತಿರಬೇಕು. ತೆರಿಗೆಗೆ ಮೊದಲು ಇದು 410 ಕೋಟಿ.

ಆದರೆ ಈ ಲಾಭ ಮೊದಲ ದಿನದಿಂದ ಬರುವುದಿಲ್ಲ. ಮೊದಲ ವರ್ಷ ಏನೂ ಇಲ್ಲ, ಎರಡನೆಯ ವರ್ಷ ಅರ್ಧ, ಮೂರನೆಯ ವರ್ಷದಿಂದ ಪೂರ್ತಿ ಎಂದುಕೊಳ್ಳೋಣ. ಜೊತೆಗೆ ಎರಡು ಕಂಪ್ಯೂಟರ್ ವ್ಯವಸ್ಥೆಗಳನ್ನು ಒಂದುಗೂಡಿಸಲು, ಬೋರ್ಡು ಬದಲಿಸಲು, ಸಿಬ್ಬಂದಿಯ ಬಾಕಿ ಸರಿಪಡಿಸಲು ಒಂದು ಬಾರಿಯ ಖರ್ಚು 300 ಕೋಟಿ ಎಂದಿಟ್ಟುಕೊಳ್ಳೋಣ. ಇವು ಕೋಟಕ್ ಹೇಳಿದ ಅಂಕಿಗಳಲ್ಲ, ವಿಧಾನ ತೋರಿಸಲು ಇಲ್ಲಿ ಹಿಡಿದವು. ಆಗ ಬೇಕಾದ ಸಿನರ್ಜಿ 410 ಕೋಟಿಯಿಂದ ಸುಮಾರು 540 ಕೋಟಿಗೆ ಏರುತ್ತದೆ. ಎರಡು ವರ್ಷದ ವಿಳಂಬ ಮತ್ತು ಒಂದು ಬಾರಿಯ ಖರ್ಚು ಸೇರಿ ಹೊರೆಯನ್ನು ಮೂರನೆಯ ಒಂದು ಭಾಗದಷ್ಟು ಹೆಚ್ಚಿಸಿದವು.

540 ಕೋಟಿ ಎಂದರೆ ಎಷ್ಟು ದೊಡ್ಡದು? ಐಎನ್‌ಜಿ ವೈಶ್ಯದ ತೆರಿಗೆಪೂರ್ವ ಲಾಭವೇ ಸುಮಾರು 1,000 ಕೋಟಿ ಇತ್ತು. ಅದರ ಅರ್ಧಕ್ಕಿಂತ ಹೆಚ್ಚನ್ನು ಹೊಸದಾಗಿ ಹುಟ್ಟಿಸಬೇಕು. ಶೇ 16ರ ಪ್ರೀಮಿಯಂ ಕೇಳಲು ಕಡಿಮೆ ಅನಿಸುತ್ತದೆ, ಆದರೆ ಅದರ ಹಿಂದಿನ ಬೇಡಿಕೆ ಇಷ್ಟು.

ಅಂದಾಜು ಮಾಡುವುದು ಹೇಗೆ, ತಪ್ಪುವುದು ಎಲ್ಲಿ

ಸಿನರ್ಜಿಯಲ್ಲಿ ಎಲ್ಲಕ್ಕಿಂತ ನಂಬಬಹುದಾದದ್ದು ವೆಚ್ಚದ ಉಳಿತಾಯ. ಎರಡು ಪ್ರಧಾನ ಕಚೇರಿ, ಎರಡು ಟ್ರೆಷರಿ, ಎರಡು ಸಾಫ್ಟ್‌ವೇರ್ ಲೈಸೆನ್ಸ್‌ಗಳ ಬದಲು ಒಂದು ಸಾಕು. ಇದನ್ನು ಸಾಲು ಸಾಲಾಗಿ, ಯಾವ ಕಟ್ಟಡ, ಯಾವ ಒಪ್ಪಂದ ಎಂದು ಬರೆದಿಡಬಹುದು. ಒಟ್ಟು ವೆಚ್ಚದ ಶೇ ಇಷ್ಟು ಎಂದು ಮೇಲಿನಿಂದ ಹೇಳಿದ ಅಂದಾಜಿಗಿಂತ ಹೀಗೆ ಕೆಳಗಿನಿಂದ ಕೂಡಿಸಿದ ಅಂದಾಜಿಗೆ ಬೆಲೆ ಹೆಚ್ಚು.

ಕೋಟಕ್ ವಿಷಯದಲ್ಲಿ ಒಂದು ವಿಚಿತ್ರ ತೊಡಕಿತ್ತು. ಎರಡು ಬ್ಯಾಂಕ್‌ಗಳಿಗೆ ಸೇರಿ ಸುಮಾರು 1,214 ಶಾಖೆಗಳು. ಕೋಟಕ್ ಪಶ್ಚಿಮ ಮತ್ತು ಉತ್ತರದಲ್ಲಿ ಗಟ್ಟಿ, ಐಎನ್‌ಜಿ ವೈಶ್ಯ ದಕ್ಷಿಣದಲ್ಲಿ. ಒಂದೇ ಬೀದಿಯಲ್ಲಿ ಇಬ್ಬರ ಶಾಖೆಯೂ ಇರುವ ಜಾಗಗಳು ಕಡಿಮೆ. ಒಪ್ಪಂದವನ್ನು ಹೊಗಳಿದವರು ಇದನ್ನೇ ಅದರ ಶಕ್ತಿ ಎಂದರು, ಅದು ನಿಜವೂ ಹೌದು. ಆದರೆ ಸಿನರ್ಜಿಯ ಪಟ್ಟಿಯಲ್ಲಿ ಅದೇ ಸಂಗತಿ ಕೊರತೆಯಾಗುತ್ತದೆ. ಶಾಖೆ ಮುಚ್ಚಿ ಉಳಿಸುವ ಬಾಡಿಗೆ, ಸಿಬ್ಬಂದಿ ವೆಚ್ಚ ಇಲ್ಲಿ ಹೆಚ್ಚಿಲ್ಲ. ಆದ್ದರಿಂದ ಬೇಕಾದ 540 ಕೋಟಿಯ ದೊಡ್ಡ ಪಾಲು ಆದಾಯದ ಕಡೆಯಿಂದಲೇ ಬರಬೇಕು.

ಆದಾಯದ ಸಿನರ್ಜಿ ಎಂದರೆ ಐಎನ್‌ಜಿ ವೈಶ್ಯದ ಬೆಂಗಳೂರಿನ ಗ್ರಾಹಕರಿಗೆ ಕೋಟಕ್‌ನ ವಿಮೆ, ಮ್ಯೂಚುವಲ್ ಫಂಡ್ ಮಾರುವುದು, ಸಣ್ಣ ಉದ್ಯಮಗಳಿಗೆ ಸಾಲ ಕೊಡುವ ಐಎನ್‌ಜಿ ವೈಶ್ಯದ ಅನುಭವವನ್ನು ಕೋಟಕ್‌ನ ಊರುಗಳಿಗೆ ಒಯ್ಯುವುದು. ಕೇಳಲು ಚೆನ್ನ. ಆದರೆ ಇದು ಗ್ರಾಹಕರ ಒಪ್ಪಿಗೆಯ ಮೇಲೆ ನಿಂತಿದೆ, ಆಡಳಿತ ಮಂಡಳಿಯ ನಿರ್ಧಾರದ ಮೇಲಲ್ಲ. ಅನುಭವಿಗಳು ಈ ಅಂಕಿಯನ್ನು ಅರ್ಧಕ್ಕೋ ಅದಕ್ಕಿಂತ ಕಡಿಮೆಗೋ ಇಳಿಸಿಯೇ ಲೆಕ್ಕಕ್ಕೆ ಸೇರಿಸುತ್ತಾರೆ. ಇನ್ನೊಂದು ತಪ್ಪು, ಹೆಚ್ಚುವರಿ ಮಾರಾಟವನ್ನು ಪೂರ್ತಿ ಲಾಭವೆಂದು ಎಣಿಸುವುದು. 100 ರೂ. ಹೊಸ ಆದಾಯ ಬಂದರೆ ಅದರ ಹಿಂದೆ ಕಮಿಷನ್, ಸಂಬಳ, ಮುಳುಗುವ ಸಾಲ ಎಲ್ಲವೂ ಇರುತ್ತದೆ. ಉಳಿಯುವ ಭಾಗ ಮಾತ್ರ ಸಿನರ್ಜಿ.

ಪ್ರೆಸೆಂಟೇಷನ್‌ಗಳಲ್ಲಿ ಬಹುತೇಕ ಕಾಣದ್ದು ಋಣಾತ್ಮಕ ಸಿನರ್ಜಿ. ಎರಡು ಕಂಪನಿಗಳ ನಿಯಮಗಳು ಬೇರೆಯಿದ್ದಾಗ ಸಮಾನತೆ ಯಾವಾಗಲೂ ದುಬಾರಿ ಕಡೆಗೇ ವಾಲುತ್ತದೆ. ಕೋಟಕ್ ಆಗ ಉಳಿತಾಯ ಖಾತೆಗೆ ಶೇ 6ರವರೆಗೆ ಬಡ್ಡಿ ಕೊಡುವ ಬ್ಯಾಂಕೆಂದೇ ಹೆಸರಾಗಿತ್ತು. ಬಹುತೇಕ ಬ್ಯಾಂಕ್‌ಗಳು ಕೊಡುತ್ತಿದ್ದದ್ದು ಶೇ 4. ಶೇ 4ರ ಬಡ್ಡಿಯಲ್ಲಿದ್ದ ಠೇವಣಿ ಶೇ 6ಕ್ಕೆ ಏರಿದರೆ, ಪ್ರತಿ 1,000 ಕೋಟಿಗೆ ವರ್ಷಕ್ಕೆ 20 ಕೋಟಿ ಹೊಸ ಖರ್ಚು. ಸಿಬ್ಬಂದಿಯ ಕಡೆಯೂ ಹೀಗೆಯೇ. ಐಎನ್‌ಜಿ ವೈಶ್ಯ ಹಳೆಯ ಖಾಸಗಿ ಬ್ಯಾಂಕು, ಕಾರ್ಮಿಕ ಸಂಘವಿತ್ತು, ಪಿಂಚಣಿ ಹೊಣೆಯಿತ್ತು. ಕೋಟಕ್‌ನ ಸಿಬ್ಬಂದಿ ವ್ಯವಸ್ಥೆ ಹೊಸ ತಲೆಮಾರಿನ ಖಾಸಗಿ ಬ್ಯಾಂಕಿನದು. ಕೊಂಡವರಿಗೆ ಲಾಭದ ಜೊತೆ ಪಿಂಚಣಿ ಹೊಣೆಯೂ ಬರುತ್ತದೆ.

ಬ್ಯಾಂಕ್ ವಿಲೀನಗಳಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಸಾಲದ ಪುಸ್ತಕ. ಕೊಳ್ಳುವ ಬ್ಯಾಂಕಿನ ಮಾನದಂಡ ಕಟ್ಟುನಿಟ್ಟಾಗಿದ್ದರೆ, ನಿನ್ನೆಯವರೆಗೆ 'ಒಳ್ಳೆಯದು' ಎಂದಿದ್ದ ಸಾಲ ಇಂದು 'ಅನುಮಾನಾಸ್ಪದ' ಆಗಬಹುದು. ಅದಕ್ಕೆ ಲಾಭದಿಂದ ಹಣ ತೆಗೆದಿಡಬೇಕು.

ಈಗ ಮೇಲಿನ ಶೇ 7ರ ಅಕ್ರೀಷನ್‌ಗೆ ಮರಳೋಣ. ಅದರಲ್ಲಿ ಎಷ್ಟು ಪೆಟ್ಟು ತಡೆದುಕೊಳ್ಳುವ ಜಾಗವಿದೆ? ಇಪಿಎಸ್ 34.35ರಿಂದ 32ಕ್ಕೆ ಇಳಿಯಲು ತೆರಿಗೆ ನಂತರ ಸುಮಾರು 213 ಕೋಟಿ ಸಾಕು. ತೆರಿಗೆಗೆ ಮೊದಲು 320 ಕೋಟಿಯ ಆಸುಪಾಸು. ವಿಲೀನದ ಖರ್ಚು, ಪಿಂಚಣಿ, ಕೆಟ್ಟ ಸಾಲ ಈ ಮೂರೂ ಸೇರಿ ಒಂದು ವರ್ಷದಲ್ಲಿ 320 ಕೋಟಿ ದಾಟಿದರೆ ಅಕ್ರೀಷನ್ ಕರಗಿಹೋಗುತ್ತದೆ. 1 ಲಕ್ಷ ಕೋಟಿಗೆ ಹತ್ತಿರದ ಮಾರುಕಟ್ಟೆ ಮೌಲ್ಯದ ಸಂಸ್ಥೆಗೆ ಇದು ತೆಳ್ಳಗಿನ ಅಂಚು.

ನಿಜವಾಗಿ ಆದದ್ದು

ವಿಲೀನದ ನಂತರದ ಮೊದಲ ತ್ರೈಮಾಸಿಕ, ಅಂದರೆ 2015ರ ಏಪ್ರಿಲ್–ಜೂನ್ ಫಲಿತಾಂಶ ಬಂದಾಗ ಕೋಟಕ್ ಬ್ಯಾಂಕಿನ ನಿವ್ವಳ ಲಾಭ ಸುಮಾರು 190 ಕೋಟಿ ರೂ. ಹಿಂದಿನ ವರ್ಷ ಅದೇ ಅವಧಿಯಲ್ಲಿ ಕೋಟಕ್ ಒಂದೇ ಗಳಿಸಿದ್ದು ಸುಮಾರು 430 ಕೋಟಿ. ಎರಡು ಬ್ಯಾಂಕ್ ಸೇರಿದ ಮೇಲೆ ಲಾಭ ಅರ್ಧಕ್ಕಿಂತ ಕೆಳಗಿಳಿದಿತ್ತು. ಕಾರಣಗಳು ಮೇಲೆ ಹೇಳಿದವೇ: ವಿಲೀನದ ಖರ್ಚು, ಸಿಬ್ಬಂದಿಯ ನಿವೃತ್ತಿ ಸೌಲಭ್ಯದ ಹೊಣೆ, ಸಾಲಗಳಿಗಾಗಿ ತೆಗೆದಿರಿಸಿದ ಹಣ.

ಪೂರ್ಣ ವರ್ಷದ ಚಿತ್ರ ಅಷ್ಟು ಕೆಟ್ಟದಾಗಿರಲಿಲ್ಲ. ಅಂಗಸಂಸ್ಥೆಗಳನ್ನು ಸೇರಿಸಿದ ಲಾಭ 2014–15ರ 3,045 ಕೋಟಿಯಿಂದ 2015–16ರಲ್ಲಿ 3,459 ಕೋಟಿಗೆ ಏರಿತು. ಶೀರ್ಷಿಕೆಗಳು ಶೇ 14ರ ಬೆಳವಣಿಗೆ ಎಂದವು. ಆದರೆ ಷೇರುಗಳೂ ಹೆಚ್ಚಿದ್ದವು. ಇಪಿಎಸ್ ಲೆಕ್ಕದಲ್ಲಿ ಸುಮಾರು 19.7 ರೂ.ನಿಂದ 18.9 ರೂ.ಗೆ, ಶೇ 4ರಷ್ಟು ಇಳಿದಿತ್ತು. ಕಾಗದದ ಮೇಲಿನ ಶೇ 7ರ ಏರಿಕೆ ಮೊದಲ ವರ್ಷ ಕೈಗೆ ಬರಲಿಲ್ಲ.

ಇದನ್ನೂ ತುಸು ಹಿಡಿದು ಓದಬೇಕು. ಹಿಂದಿನ ವರ್ಷಕ್ಕೆ ಹೋಲಿಸುವುದು ಸರಿಯಾದ ಅಕ್ರೀಷನ್ ಲೆಕ್ಕವಲ್ಲ. ವಿಲೀನ ಆಗದಿದ್ದರೆ ಕೋಟಕ್ ಒಂದೇ ಆ ವರ್ಷ ಎಷ್ಟು ಗಳಿಸುತ್ತಿತ್ತು ಎಂಬುದರ ಜೊತೆ ಹೋಲಿಸಬೇಕು, ಅದು ಯಾರಿಗೂ ಗೊತ್ತಾಗದ ಅಂಕಿ. ಅಲ್ಲದೆ 2015ರಲ್ಲೇ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕ್‌ಗಳ ಸಾಲದ ಗುಣಮಟ್ಟ ಪರಿಶೀಲನೆಗೆ ಇಳಿದಿತ್ತು, ಇಡೀ ವಲಯವೇ ಒತ್ತಡದಲ್ಲಿತ್ತು. ಇಳಿಕೆಯನ್ನೆಲ್ಲ ವಿಲೀನದ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಾಗೆಯೇ 2016–17ರಲ್ಲಿ ಲಾಭ 4,940 ಕೋಟಿಗೆ, ಇಪಿಎಸ್ 27 ರೂ. ಹತ್ತಿರಕ್ಕೆ ಜಿಗಿದದ್ದನ್ನೆಲ್ಲ ಸಿನರ್ಜಿ ಎನ್ನುವಂತೆಯೂ ಇಲ್ಲ. ವಿಲೀನವಾದ ಕಂಪನಿಗಳಲ್ಲಿ ಮೂರನೆಯ ವರ್ಷದ ಹೊತ್ತಿಗೆ ಯಾವ ಲಾಭ ಯಾರದು ಎಂದು ಬೇರ್ಪಡಿಸುವುದು ಹೆಚ್ಚುಕಡಿಮೆ ಅಸಾಧ್ಯ. ಹಾಗಾಗಿಯೇ ಸಿನರ್ಜಿಯ ಅಂದಾಜನ್ನು ಖರೀದಿಗೆ ಮೊದಲೇ, ವರ್ಷವಾರು, ವೆಚ್ಚ ಮತ್ತು ಆದಾಯ ಬೇರೆ ಬೇರೆಯಾಗಿ ಪ್ರಕಟಿಸಿದ ಕಂಪನಿಗಳನ್ನು ಮಾತ್ರ ನಂತರ ಅಳೆಯಲು ಸಾಧ್ಯ. ಒಟ್ಟು ಮೊತ್ತ ಒಂದನ್ನೇ ಹೇಳಿದರೆ ಏನನ್ನೂ ಪರಿಶೀಲಿಸಲಾಗದು.

ಹಳೆಯ ಅಂಕಿಗಳನ್ನು ತಾವೇ ತೆಗೆದು ನೋಡುವವರು ಒಂದು ಕಡೆ ಎಡವಬಹುದು. 2015ರ ಜುಲೈನಲ್ಲಿ ಕೋಟಕ್ ಒಂದಕ್ಕೊಂದರಂತೆ ಬೋನಸ್ ಷೇರು ಕೊಟ್ಟಿತು, ಷೇರುಗಳ ಸಂಖ್ಯೆ ರಾತ್ರೋರಾತ್ರಿ ಎರಡು ಪಟ್ಟಾಯಿತು. 2014–15ರ ವಾರ್ಷಿಕ ವರದಿಯಲ್ಲಿ ಇಪಿಎಸ್ ಸುಮಾರು 39 ರೂ. ಎಂದಿರುತ್ತದೆ, ಮರುವರ್ಷದ್ದರಲ್ಲಿ 19 ರೂ.ನ ಆಸುಪಾಸು. ನೇರವಾಗಿ ಹೋಲಿಸಿದರೆ ಗಳಿಕೆ ಅರ್ಧವಾಯಿತೆಂದು ಕಾಣುತ್ತದೆ. ಹಿಂದಿನ ವರ್ಷದ ಅಂಕಿಯನ್ನು ಎರಡರಿಂದ ಭಾಗಿಸಿದ ಮೇಲೆಯೇ ಹೋಲಿಕೆ. ಮೇಲಿನ 19.7 ರೂ. ಹಾಗೆ ಸರಿಪಡಿಸಿದ್ದು.